ಗಂಡು ಬೆಕ್ಕಿನ ಬಾವು: ಮೇಲೆ ಮುಚ್ಚಿದ ಗಾಯ, ಒಳಗೆ ಕೀವು

ಹುಲಿಗಿ ಸುತ್ತ ನೆಲ್ಲು ಬೆಳೆಯೋ ನಮ್ಮಂಥವರ ಮನ್ಯಾಗ ಚೀಲ ಇಟ್ಟಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಇದ್ದೇ ಇರ್ತೈತಿ. ಎತ್ತಿಗೆ ಕಾಲು ಊದಿದರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡ್ತೀವಿ. ಬೆಕ್ಕಿಗೆ ಕೆನ್ನೆ ಊದಿದರೆ ಮಾತ್ರ "ಕುರು ಆಗೈತಿ ಬಿಡೋ, ಒಡೀತೈತಿ, ತಾನೇ ಮಾಯ್ತೈತಿ" ಅಂತೀವಿ. ಈ ಮಾತು ಅರ್ಧ ಖರೆ. ಅರ್ಧ ಖರೆ ಇರೋದಕ್ಕೇ ಇಷ್ಟು ದಿನ ಉಳಕೊಂಡು ಬಂದೈತಿ. ಕೆಲವು ಬಾವು ಒಡೆದು ಮಾಯೋದು ನಿಜ, ಆ ಬೆಕ್ಕು ಮತ್ತೆ ನಮ್ಮ ಕಣ್ಣಿಗೆ ಬೀಳ್ತೈತಿ. ಒಡೆಯದೇ ನಂಜು ಏರಿದ ಬೆಕ್ಕು ಬಣವಿ ಸಂದ್ಯಾಗೋ, ಕಾಲುವೆ ಬದುವಿನ ಜಾಲಿ ಕಂಟ್ಯಾಗೋ ಹೋಗಿ ಮಲಗಿ ಸತ್ತಿರ್ತೈತಿ. ಅದನ್ನು ನಾವು "ಎಲ್ಲೋ ಹೋತು" ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಬದುಕಿದವನ್ನಷ್ಟೇ ಎಣಿಸಿದರೆ ಎಲ್ಲಾ ಬಾವೂ ತಾನೇ ವಾಸಿ ಆದಂಗ ಕಾಣ್ತೈತಿ.

ನನ್ನ ಅಭಿಪ್ರಾಯ ಇಷ್ಟು: ಬೀಜ ಇರೋ ಗಂಡು ಬೆಕ್ಕು ರಾತ್ರಿ ತಿರುಗೋಕೆ ಹೋಗಿ ಕಚ್ಚಿಸಿಕೊಂಡು ಬಂದರೆ, ಅದು ಚಿಕಿತ್ಸೆ ಬೇಕಾದ ಗಾಯ. ನೋಡೋಕೆ ಸಣ್ಣದಿದ್ದಷ್ಟೂ ಅನುಮಾನ ಪಡಬೇಕು.

ಯಾಕೆ ಅಂದ್ರ, ಬೆಕ್ಕಿನ ಕೋರೆಹಲ್ಲು ದಬ್ಬಣದಂಗ. ನಾಯಿ ಕಚ್ಚಿದರೆ ಚರ್ಮ ಹರಿದು, ಗಾಯ ತೆರೆದು, ರಕ್ತ ಹರಿದು ಸ್ವಲ್ಪ ಹೊಲಸು ಹೊರಗೆ ಹೋಗ್ತೈತಿ. ಬೆಕ್ಕಿನ ಹಲ್ಲು ಹರಿಯೋದಿಲ್ಲ, ಚುಚ್ಚುತ್ತದೆ. ಬಾಯಿಯೊಳಗಿನ ರೋಗಾಣುಗಳನ್ನು ಚರ್ಮದ ಕೆಳಗೆ ಆಳಕ್ಕೆ ಇಳಿಸಿ ಹೊರಗೆ ಬರ್ತೈತಿ. ಬೆಕ್ಕಿನ ಚರ್ಮವೋ ಸಡಿಲು, ರಬ್ಬರಿನಂಗ ಹಿಗ್ಗೋದು. ಹಲ್ಲು ಹೊರಬಂದ ಕೂಡಲೇ ತೂತು ಕೂಡಿಕೊಳ್ಳುತ್ತದೆ, ಒಂದು ದಿನದೊಳಗೆ ಮೇಲೆ ಸಣ್ಣ ಹಕ್ಕಳೆ ಕಟ್ಟಿಬಿಡ್ತೈತಿ. ಬೆಕ್ಕಿನ ಬಾಯಿಯಲ್ಲಿ ಸಹಜವಾಗೇ ಇರೋ ಪಾಶ್ಚುರೆಲ್ಲಾ ಅನ್ನೋ ರೋಗಾಣು, ಅದರ ಜೊತೆ ಗಾಳಿ ಇಲ್ಲದ ಕಡೆ ಬೆಳೆಯೋ ಬೇರೆ ರೋಗಾಣುಗಳು, ಇವಕ್ಕೆ ಮುಚ್ಚಿದ, ಬೆಚ್ಚಗಿನ ಜಾಗ ಸಿಕ್ಕಂಗಾಯ್ತು. ಅವನ್ನು ಹೊಡೆಯೋಕೆ ಬಂದ ಬಿಳಿ ರಕ್ತಕಣಗಳು ಅಲ್ಲೇ ಸಾಯ್ತಾವ. ಸತ್ತ ಕಣ, ಕರಗಿದ ಮಾಂಸ, ರೋಗಾಣು ಎಲ್ಲಾ ಕೂಡಿ ಕೀವು. ಸುತ್ತ ಒಂದು ಗೋಡೆ ಕಟ್ಟಿಕೊಂಡು, ಎರಡರಿಂದ ನಾಲ್ಕು ದಿನದಲ್ಲಿ ಗಡ್ಡೆಯಾಗಿ ನಿಲ್ತೈತಿ.

ಈ ಎರಡು-ಮೂರು ದಿನದ ಅಂತರವೇ ನಮ್ಮನ್ನು ಮೋಸ ಮಾಡೋದು. ಜಗಳ ಆದ ಮರುದಿನ ಬೆಕ್ಕು ಚಲೋ ಇದ್ದಂಗ ಕಾಣ್ತೈತಿ. ಊದೋ ಹೊತ್ತಿಗೆ ಜಗಳದ್ದು ನಮಗೆ ಮರೆತಿರ್ತೈತಿ. "ಏನೋ ಹುಳ ಕಡಿದಿರಬೇಕು" ಅಂತೀವಿ.

ಎಲ್ಲಿ ಹುಡುಕಬೇಕು ಅನ್ನೋದನ್ನ ಜಗಳದ ರೀತಿಯೇ ಹೇಳ್ತೈತಿ. ಎದುರಾಎದುರು ನಿಂತು ಕಾದಿದ ಬೆಕ್ಕಿಗೆ ಕೆನ್ನೆ, ಕುತ್ತಿಗೆ, ಮುಂಗಾಲಿನಲ್ಲಿ ಆಗ್ತೈತಿ. ಸೋತು ಓಡಿದ್ದಕ್ಕೆ ಬಾಲದ ಬುಡ, ಹಿಂದಿನ ತೊಡೆ. ಕೂದಲು ದಟ್ಟ ಇರೋದರಿಂದ ಕಣ್ಣಿಗೆ ಕಾಣೋದಿಲ್ಲ, ಕೈ ಆಡಿಸಿಯೇ ನೋಡಬೇಕು. ಒಂದು ಕಡೆ ಬಿಸಿ, ಮುಟ್ಟಿದರೆ ಗುರ್ ಅನ್ನೋದು, ಹಕ್ಕಳೆಗೆ ಅಂಟಿದ ಕೂದಲ ಚುಂಚು, ಇವು ಗುರುತು. ಊಟ ಬಿಟ್ಟು ಮೂಲೆ ಹಿಡಿದರೆ ಜ್ವರ ಬಂದೈತಿ ಅಂತಲೇ ತಿಳೀರಿ.

ನಮ್ಮ ಶೆಡ್ಡಿನ ಕರಿ ಬೆಕ್ಕಿನದ್ದು ಹೇಳ್ತೀನಿ, ಮೂರು ವರ್ಷದ್ದು, ಸುಮಾರು ನಾಲ್ಕು ಕೇಜಿ. ಒಂದು ಶನಿವಾರ ರಾತ್ರಿ ಬಣವಿ ಹಿಂದೆ ಎರಡು ಬೆಕ್ಕಿನ ಅರಚಾಟ ಕೇಳಿತ್ತು. ಭಾನುವಾರ ಹಿಡಿದು ನೋಡಿದಾಗ ಬಾಲದ ಬುಡದಲ್ಲಿ ಎಡಕ್ಕೆ ಎರಡು ಚುಕ್ಕೆ, ಜೋಳದ ಕಾಳಿನಷ್ಟೂ ಇಲ್ಲ. ಅವತ್ತು ನಮ್ಮ ದವಾಖಾನೆಗೆ ರಜಾ. ಸೋಮವಾರ ಡಾಕ್ಟರ್ ಬೇರೆ ಊರಿನ ಕ್ಯಾಂಪಿಗೆ ಹೋಗಿದ್ರು. ಮಂಗಳವಾರ ಮುಂಜಾನೆ ಬೆಕ್ಕು ಹಾಲು ಮುಟ್ಟಲಿಲ್ಲ, ಬಾಲ ಜೋತು ಬಿದ್ದಿತ್ತು, ಬುಡದಲ್ಲಿ ನಿಂಬೆಹಣ್ಣಿನಷ್ಟು ಊತ. ಪಕ್ಕದ ಹೊಲದ ಕಾಕಾ ಬಂದು, "ಅರಿಷಿಣ ಎಣ್ಣಿ ಹಚ್ಚಿ ಬಿಡೋ ತಮ್ಮಾ, ಬೆಕ್ಕಿಗೆ ಯಾರರ ದವಾಖಾನಿಗೆ ಹೊಕ್ಕಾರೇನು?" ಅಂದ. "ಕಾಕಾ, ಅರಿಷಿಣ ಮೇಲೆ ಕೂಡ್ತೈತಿ, ಕೀವು ಒಳಗ ಐತಿ" ಅಂದು ಬುಟ್ಟಿಗೆ ಹಾಕಿಕೊಂಡು ನಡೆದೆ.

ಡಾಕ್ಟರ್ ಮೊದಲು ಜ್ವರ ನೋಡಿದ್ರು, 104 ಡಿಗ್ರಿ ಇತ್ತು. ಬೆಕ್ಕಿಗೆ ಸುಮಾರು 102.5ರ ತನಕ ಸಹಜ. ಮಂಪರು ಇಂಜೆಕ್ಷನ್ ಕೊಟ್ಟು, ಸುತ್ತ ಕೂದಲು ಬೋಳಿಸಿ, ಊತದ ಎಲ್ಲಕ್ಕಿಂತ ಕೆಳಗಿನ, ಮೆತ್ತಗಾದ ಜಾಗದಲ್ಲಿ ಸೀಳಿದ್ರು. ಮೇಲೆ ಸೀಳಿದರೆ ತಳದ ಕೀವು ನಿಂತುಬಿಡ್ತೈತಿ, ಕೆಳಗೆ ಸೀಳಿದರೆ ಮಡಿಯ ನೀರು ತೂಬಿನಲ್ಲಿ ಇಳಿದಂಗ ಇಳೀತೈತಿ. ಹಳದಿ-ಕಂದು ಕೀವು, ಸತ್ತ ಹೆಗ್ಗಣದ ವಾಸನೆ. ಸಿರಿಂಜಿನಲ್ಲಿ ಸಲೈನ್ ಹಾಕಿ ಹಾಕಿ, ತಿಳಿನೀರು ಬರೋ ತನಕ ತೊಳೆದ್ರು. ಹೊಲಿಗೆ ಹಾಕಲಿಲ್ಲ. ನಾನು ಕೇಳಿದ್ದಕ್ಕೆ, "ಹೊಲಿದರೆ ಮತ್ತೆ ಅದೇ ಆಗ್ತದ್ರಿ, ಇದು ತಳದಿಂದ ತುಂಬಿಕೊಂಡು ಬರಬೇಕು" ಅಂದ್ರು. ಆಮೇಲೆ ಆಂಟಿಬಯೋಟಿಕ್ ಇಂಜೆಕ್ಷನ್, ಮನೆಗೆ ಏಳು ದಿನದ ಔಷಧಿ.

ಮನೆಯಲ್ಲಿ ನಾನು ಮಾಡಿದ್ದು ಇಷ್ಟು: ದಿನಕ್ಕೆ ಎರಡು ಸಲ, ಕುದಿಸಿ ಉಗುರುಬೆಚ್ಚಗೆ ಮಾಡಿದ ಉಪ್ಪುನೀರಿನಲ್ಲಿ ಸ್ವಚ್ಛ ಬಟ್ಟೆ ಅದ್ದಿ ಐದು ನಿಮಿಷ ಒತ್ತಿ ಹಿಡಿಯೋದು. ಹಕ್ಕಳೆ ಮೆತ್ತಗಾಗಿ ಬಿಡ್ತೈತಿ, ಬಾಯಿ ತೆರೆದೇ ಇರ್ತೈತಿ. ಮೊದಲ ಮೂರ್ನಾಲ್ಕು ದಿನ ಆ ಬಾಯಿ ಮುಚ್ಚಬಾರದು. ನೆಕ್ಕದಂಗ ರಟ್ಟಿನ ಕೊರಳಪಟ್ಟಿ. ಬುಧವಾರ ಸಂಜೆಗೇ ಬೆಕ್ಕು ಅನ್ನ-ಮೊಟ್ಟೆ ತಿಂತು. ಎರಡು ವಾರಕ್ಕೆ ಕೂದಲು ಬರೋಕೆ ಹತ್ತಿತ್ತು. ಎರಡು ದಿನ ಆದರೂ ಜ್ವರ ಇಳಿಯದಿದ್ದರೆ, ಕೀವು ನಿಲ್ಲದಿದ್ದರೆ ಮತ್ತೆ ಕರಕೊಂಡು ಹೋಗಬೇಕು. ಒಳಗೆ ಇನ್ನೊಂದು ಕೀವಿನ ಚೀಲ ಇರಬಹುದು, ಮುರಿದ ಹಲ್ಲಿನ ಚೂರು ಉಳಿದಿರಬಹುದು. ಕಾಲಿನ ಕೀಲಿನ ಹತ್ತಿರ ಕಚ್ಚಿದ್ದರೆ ನಂಜು ಕೀಲಿಗೆ, ಎಲುಬಿಗೆ ಇಳಿದು ಬೆಕ್ಕು ಕುಂಟಾಗಿ ಉಳೀತೈತಿ. ಎದೆಗೆ ಇಳಿದರೆ ಉಸಿರೇ ಕಷ್ಟ.

ಭಾನುವಾರವೇ ಡಾಕ್ಟರ್ ಸಿಕ್ಕಿದ್ದರೆ ಬಹುಶಃ ಸೀಳೋ ಪ್ರಸಂಗವೇ ಬರ್ತಿರಲಿಲ್ಲ. ಕಚ್ಚಿದ ಮೊದಲ ದಿನದೊಳಗೆ ಸರಿಯಾದ ಆಂಟಿಬಯೋಟಿಕ್ ಬಿದ್ದರೆ ಎಷ್ಟೋ ಸಲ ಬಾವು ಆಗೋದೇ ಇಲ್ಲ. ಗಡ್ಡೆ ಕಟ್ಟಿದ ಮೇಲೆ ಬರೀ ಔಷಧಿ ಸಾಲೋದಿಲ್ಲ. ಔಷಧಿ ಹೋಗೋದು ರಕ್ತದ ಜೊತೆ, ಕೀವಿನ ನಡುವೆ ರಕ್ತನಾಳವೇ ಇರೋದಿಲ್ಲ.

ಈಗ ನನಗೆ ಸಿಟ್ಟು ಬರೋ ವಿಷಯ. ನಮ್ಮ ಮನ್ಯಾಗ ಇರೋ ಔಷಧಿಯೇ ಬಾವಿಗಿಂತ ಬೇಗ ಬೆಕ್ಕನ್ನು ಕೊಲ್ತೈತಿ. ಜ್ವರ ಐತಿ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಗುಳಿಗೆ ಸಾಕು, ಬೆಕ್ಕು ಸಾಯಬಹುದು. ಮನುಷ್ಯರ ಲಿವರ್ ಅರಗಿಸೋ ಆ ಔಷಧಿಯನ್ನು ಬೆಕ್ಕಿನ ಲಿವರ್ ಅರಗಿಸೋದಿಲ್ಲ, ರಕ್ತ ಕೆಡ್ತೈತಿ, ಒಸಡು ಕಂದುಬಣ್ಣಕ್ಕೆ ತಿರುಗಿ ಉಸಿರು ಎಳೆಯೋಕೆ ಹತ್ತುತ್ತೈತಿ. ಫಿನಾಯಿಲ್, ಡೆಟಾಲ್ ಕೂಡ ಅದೇ ಸಾಲಿನವು. ಹಚ್ಚಿದ್ದನ್ನು ಬೆಕ್ಕು ನೆಕ್ಕದೇ ಬಿಡೋದಿಲ್ಲ. ಗಾಯಕ್ಕೆ ಹುಳ ಬಿದ್ದರೆ ದನಕ್ಕೆ ಹಾಕಿದಂಗ ಟರ್ಪೆಂಟೈನ್ ಸುರೀಬ್ಯಾಡ್ರಿ, ದನದ ಉಣ್ಣಿ ಔಷಧಿಯನ್ನಂತೂ ಹತ್ತಿರ ತರಬ್ಯಾಡ್ರಿ. ಆ ಔಷಧಿಗಳಲ್ಲಿ ಕೆಲವು ಬೆಕ್ಕಿಗೆ ನಡುಕ, ಸೆಳೆತ ತಂದು ಕೊಲ್ತಾವ. ಎಮ್ಮೆಗೆ ತಂದು ಉಳಿದ ಇಂಜೆಕ್ಷನ್ ಬಾಟಲಿಯೂ ಬ್ಯಾಡ. ನಾಲ್ಕು ಕೇಜಿ ಜೀವ ಎಲ್ಲಿ, ನಾನೂರು ಕೇಜಿ ಎಲ್ಲಿ. ಮನೆಯಲ್ಲೇ ಬ್ಲೇಡಿನಿಂದ ಸೀಳೋದೂ ಸಲ್ಲ, ನೋವಿಗೆ ಬೆಕ್ಕು ನಿಮ್ಮ ಕೈಯನ್ನೇ ಕಚ್ಚುತ್ತೈತಿ.

ಆ ಕಡಿತವನ್ನು ಹಗುರ ತಿಳೀಬ್ಯಾಡ್ರಿ. ಮನುಷ್ಯರ ಕೈಗೂ ಅದೇ ದಬ್ಬಣದ ಗಾಯ, ಅದೇ ಪಾಶ್ಚುರೆಲ್ಲಾ, ಒಂದೇ ದಿನದಲ್ಲಿ ಊದಬಹುದು. ಅದರ ಮೇಲೆ ರೇಬೀಸ್ ನಾಯಿಯಿಂದಷ್ಟೇ ಅಲ್ಲ, ಬೆಕ್ಕಿನಿಂದಲೂ ಬರ್ತೈತಿ. ಸೋಪು ಹಚ್ಚಿ ಹರಿಯೋ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗ್ರಿ. ಬೆಕ್ಕಿಗೂ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಡಾಕ್ಟರ್ ಹೇಳಿದಂಗ ವರ್ಷವರ್ಷ ಹಾಕಿಸ್ರಿ. ಗೊತ್ತಿಲ್ಲದ ಬೆಕ್ಕು ಕಚ್ಚಿದ್ದರೆ ಆ ಮಾತನ್ನು ಡಾಕ್ಟರ್‌ಗೆ ಹೇಳ್ರಿ. ಕಡಿತದಿಂದ ಬೆಕ್ಕಿನಿಂದ ಬೆಕ್ಕಿಗೆ ದಾಟೋ, ರೋಗ ತಡೆಯೋ ಶಕ್ತಿ ಕುಂದಿಸೋ ವೈರಸ್ಸೂ ಐತಿ. ಅದು ಮನುಷ್ಯರಿಗೆ ಬರೋದಿಲ್ಲ, ಆದರೆ ಪದೇಪದೇ ಬಾವು ಆಗಿ ಮಾಯದ ಬೆಕ್ಕಿನಲ್ಲಿ ಅದನ್ನು ಅನುಮಾನಿಸಬೇಕಾಗ್ತೈತಿ.

ಚಿಕಿತ್ಸೆ ಮಾಡಿಸಿ ಮತ್ತೆ ಅದೇ ಬಣವಿ ಹಿಂದಕ್ಕೆ ಬಿಟ್ಟರೆ ಮುಂದಿನ ತಿಂಗಳು ಮತ್ತೊಂದು ಬಾವು. ಗಂಡು ಬೆಕ್ಕು ಕಾದೋದು ಹೆಣ್ಣಿಗಾಗಿ, ಜಾಗಕ್ಕಾಗಿ. ಎರಡರ ಹಿಂದೆಯೂ ಬೀಜದ ಹಾರ್ಮೋನು ಇರ್ತೈತಿ. ನಮ್ಮ ಕಡೆ ಸಂಕ್ರಾಂತಿ ದಾಟಿದ ಮೇಲೆ ರಾತ್ರಿ ಕೂಗಾಟ ಜಾಸ್ತಿ ಆಗೋದನ್ನ ನೀವೂ ಕೇಳಿರ್ತೀರಿ. ಹೋರಿಯ ಬೀಜ ಒಡೆಸಿ ಎತ್ತು ಮಾಡೋದು ನಮಗೇನು ಹೊಸದಲ್ಲ, ಬೆಕ್ಕಿಗೆ ಅಂದ್ರ ಮಾತ್ರ "ಇಲಿ ಹಿಡಿಯೋದು ಬಿಡ್ತೈತಿ" ಅಂತಾರ. ಇದನ್ನು ನಾನು ಒಪ್ಪೋದಿಲ್ಲ. ಇಲಿ ಹಿಡಿಯೋ ಗುಣ ಬೀಜದಲ್ಲಿಲ್ಲ, ಹಂಗಿದ್ದರೆ ಹೆಣ್ಣು ಬೆಕ್ಕು ಇಲಿ ಹಿಡಿಯಬಾರದಿತ್ತು. ತಿರುಗಾಟ ಕಡಿಮೆ ಆದ ಬೆಕ್ಕು ಚೀಲದ ಹತ್ತಿರವೇ ಹೆಚ್ಚು ಹೊತ್ತು ಇರ್ತೈತಿ, ನಮಗೆ ಬೇಕಾದದ್ದೂ ಅದೇ.

ಐದಾರು ತಿಂಗಳ ವಯಸ್ಸಿನಲ್ಲಿ, ಜಗಳದ ಚಟ ಹತ್ತೋ ಮೊದಲೇ ಮಾಡಿಸಿದರೆ ಚಲೋ. ದೊಡ್ಡ ಬೆಕ್ಕಿಗೂ ಮಾಡಬಹುದು. ಆದರೆ ಹಾರ್ಮೋನು ಇಳಿಯೋಕೆ ಕೆಲವು ವಾರ ಬೇಕು, ಹಳೇ ಜಗಳಗಂಟ ಪೂರ್ತಿ ಸಾಧು ಆಗ್ತೈತಿ ಅಂತ ಖಾತ್ರಿ ಇಲ್ಲ. ನಮ್ಮ ಕರಿ ಬೆಕ್ಕಿಗೆ ಬಾವು ಮಾಯ್ದು ತಿಂಗಳಾದ ಮೇಲೆ ಮಾಡಿಸಿದೆ. ಈಗಲೂ ಎದುರು ಬೆಕ್ಕು ಬಂದರೆ ಗುರ್ ಅಂತೈತಿ, ಆದರೆ ರಾತ್ರಿ ಊರು ಸುತ್ತೋದು ಬಿಟ್ಟೈತಿ. ಇದು ಅರಿವಳಿಕೆ ಕೊಟ್ಟು ಡಾಕ್ಟರೇ ಮಾಡಬೇಕಾದ ಆಪರೇಷನ್, ಹೋರಿಗೆ ಮಾಡಿದಂಗ ಇಕ್ಕಳ ಹಾಕೋದಲ್ಲ. ಎಲ್ಲಾ ದನದ ದವಾಖಾನೆಯಲ್ಲೂ ಇದನ್ನ ಮಾಡೋದಿಲ್ಲ, ಮೊದಲೇ ಫೋನ್ ಮಾಡಿ ಕೇಳ್ರಿ.

ಒಯ್ಯುವಾಗ ಗೊಬ್ಬರದ ಚೀಲದಾಗ ಕಟ್ಟಬ್ಯಾಡ್ರಿ, ಉಸಿರು ಕಟ್ಟುತ್ತೈತಿ. ಎರಡು ಬಿದಿರು ಬುಟ್ಟಿ ಬೋರಲು ಹಾಕಿ, ಒಳಗೆ ಹಳೇ ಸೀರೆ ತುಂಡು ಹಾಸಿ, ಹಗ್ಗದಿಂದ ಬಿಗಿದರೆ ಸಾಕು. ಆಪರೇಷನ್ನಿಗಾದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗ್ರಿ. ಅವತ್ತು ಹುಲಿಗೆಮ್ಮನ ಗುಡಿಗೆ ಬರೋ ಮಂದಿಯಿಂದ ರಸ್ತೆ, ಬಸ್ಸು ಎಲ್ಲಾ ತುಂಬಿರ್ತಾವ. ಬಾವಿಗಾದರೆ ವಾರ ನೋಡಬ್ಯಾಡ್ರಿ.