ಸೈಡು ಕೊಡದ ಟ್ರ್ಯಾಕ್ಟರು

“ರಸ್ತೆ ಇವರಪ್ಪಂದು ನೋಡು, ಸೈಡು ಕೊಡ್ತಾನಾ!” ಕಬ್ಬಿನ ಕಾಲದಲ್ಲಿ ಮಂಡ್ಯದಿಂದ ನನ್ನ ತವರಿಗೆ ಹೋಗುವಾಗಲೆಲ್ಲ ನಮ್ಮವರು ಹೀಗೆ ಗೊಣಗುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಹೂಂಗುಟ್ಟುತ್ತಿದ್ದೆ. ಈಗ ಸ್ಟಿಯರಿಂಗು ನನ್ನ ಕೈಗೆ ಬಂದಿದೆ. ಆ ಮಾತು ಶುದ್ಧ ಅನ್ಯಾಯದ್ದು ಎಂದು ಹೇಳದೆ ವಿಧಿಯಿಲ್ಲ.

ಡಾಂಬರಿನ ಅಗಲ 12 ಅಡಿ. ಕಬ್ಬು ಹೇರಿದ ಟ್ರೇಲರು, ಹೊರಗೆ ಚಾಚಿದ ಜಲ್ಲೆಯೂ ಸೇರಿ, ಹೆಚ್ಚುಕಡಿಮೆ 8 ಅಡಿ. ಉಳಿದ 4 ಅಡಿಯಲ್ಲಿ ನಮ್ಮ ಐದೂವರೆ ಅಡಿಯ ಕಾರು ತೂರುವುದು ಹೇಗೆ? ಯಾರಾದರೂ ಒಬ್ಬರು ಮಣ್ಣಿಗೆ ಇಳಿಯಲೇಬೇಕು. ಅವನೇ ಇಳಿಯಲಿ ಎನ್ನುತ್ತೇವೆ. ಆಳೆತ್ತರ ಮೀರಿ ಕಬ್ಬು ಹೊತ್ತ ಟ್ರೇಲರಿನ ಎಡಗಾಲಿ ಮೆತ್ತನೆಯ ಅಂಚಿನಲ್ಲಿ ಹೂತರೆ, ಹೊರೆ ಹೊರೆಯೇ ಪಕ್ಕದ ನಾಲೆಗೆ ಮಗುಚುತ್ತದೆ. ಅವನು ಕೊಡುವುದಿಲ್ಲ ಎನ್ನಬೇಡಿ, ಅವನಿಂದ ಕೊಡಲಾಗದು. ಗಟ್ಟಿನೆಲ ಕಾಣುವವರೆಗೆ ಹಿಂದೆ ಕಾಯಬೇಕಾದವಳು ನಾನೇ.

“ಒಂದು ನಿಮಿಷದ ಕೆಲಸ, ನುಗ್ಗು” ಎನ್ನುವ ಧೀರರೂ ಇದ್ದಾರೆ. ಎರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ಗಂಟೆಗೆ 15 ಕಿಲೋಮೀಟರು ಹೋಗುತ್ತಿದೆ ಎನ್ನಿ. ಬಲಗಾಲಿ ಮಣ್ಣಿನ ಮೇಲಿರುವಾಗ 30ಕ್ಕಿಂತ ಜೋರಾಗಿ ಓಡಿಸುವ ಹಾಗಿಲ್ಲ. ಅದನ್ನು ಪೂರ್ತಿ ದಾಟಲು 10 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಾನು 80 ಮೀಟರು ಹೋಗಿರುತ್ತೇನೆ. ಎದುರಿನಿಂದ 60ರಲ್ಲಿ ಬರುವ ಬೈಕಿನ ಹುಡುಗ 160 ಮೀಟರು ಬಂದಿರುತ್ತಾನೆ. ಇನ್ನೂರೈವತ್ತು ಮೀಟರು ಬರಿದಾದ ನೇರ ರಸ್ತೆ ಕಣ್ಣಿಗೆ ಕಾಣಬೇಕು. ನಮ್ಮ ಕಡೆ ಅಷ್ಟರೊಳಗೆ ಎರಡು ತಿರುವು, ಒಂದು ಮೋರಿ!

ಹೋದ ಸಂಕ್ರಾಂತಿಗೆ ಮುಂದಿದ್ದ ಟ್ರ್ಯಾಕ್ಟರು ನಿಧಾನಿಸಿ ಎಡಕ್ಕೆ ಸರಿಯಿತು. ಅಬ್ಬ, ಸೈಡು ಸಿಕ್ಕಿತೆಂದು ಆಕ್ಸಿಲೇಟರು ಒತ್ತಿದೆ. ಹಿಂದಿನಿಂದ ಅಮ್ಮ, “ತಾಳೇ, ಬಲಕ್ಕೆ ಗದ್ದೆ ದಾರಿ ಐತೆ, ತಿರುಗ್ತಾನೆ” ಎಂದಳು. ಬ್ರೇಕು ಹಾಕಿದೆ. ಅವನು ತಿರುಗಿಯೇಬಿಟ್ಟ, ನನ್ನ ಮೂತಿಯ ಮುಂದೆಯೇ. ಉದ್ದದ ಗಾಡಿ ಬಲಕ್ಕೆ ಹೊರಳಲು ಮೊದಲು ಎಡಕ್ಕೆ ಹೋಗುತ್ತದೆಂಬುದು ಕಾರು ಓಡಿಸದ ಅಮ್ಮನಿಗೆ ಗೊತ್ತು. ಕೈ ತೋರಿಸದ ಅವನದೂ ತಪ್ಪೇ. ಕತ್ತಲಲ್ಲಿ ಹಿಂದೊಂದು ಕೆಂಪು ಬಿಲ್ಲೆಯೂ ಇಲ್ಲದೆ ಟ್ರೇಲರು ಬಿಡುವ ಮಾಲೀಕರನ್ನಂತೂ ನಾನು ಕ್ಷಮಿಸಲಾರೆ.

ಇನ್ನು ಹಾರ್ನು. ಇಂಜಿನ್ ಸದ್ದಿನಲ್ಲಿ, ಹಾಡಿನ ಅಬ್ಬರದಲ್ಲಿ ಟ್ರ್ಯಾಕ್ಟರಿನವನಿಗೆ ಅದು ಕೇಳಿಸುವುದೇ ಇಲ್ಲ. ಎತ್ತಿಗೆ ಚೆನ್ನಾಗಿ ಕೇಳಿಸುತ್ತದೆ! ಬೆಚ್ಚಿದ ಎತ್ತು ಎಡಕ್ಕೇ ಹಾರಬೇಕೆಂಬ ಕಾನೂನುಂಟೆ? ದೂರದಿಂದಲೇ ಒಮ್ಮೆ ಮೆಲ್ಲಗೆ ಒತ್ತಿ, ಗಾಡಿಯವನು ತಿರುಗಿ ನೋಡಿ ಹಗ್ಗ ಬಿಗಿಹಿಡಿಯುವವರೆಗೆ ನಾನು ಕಾಯುತ್ತೇನೆ.

ಪಕ್ಕದ ಸೀಟಿನಲ್ಲಿ ಕೂತ ನಮ್ಮವರ ಕೈ ಮಾತ್ರ ಇನ್ನೂ ಹಾರ್ನಿನ ಕಡೆಗೇ ಬರುತ್ತದೆ. ತಟ್ಟಿ ಇಳಿಸುತ್ತೇನೆ.