ಹೆಸರು ಬೇರೆ, ಸೈಜ್ ಬೇರೆ, ವೀಡಿಯೊ ಮಾತ್ರ ಒಂದೇ

ನಮ್ಮ ಕಡೆ ಮದುವೆ ಕ್ಯಾಸೆಟ್ ಅಂದರೆ ಮುಹೂರ್ತಕ್ಕೆ ಮುಗಿಯೋದಲ್ಲ. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಹೊಸ ಜೋಡಿ ಹೋಗಿ ಹಣ್ಣು-ದವನ ಎಸೆಯಬೇಕು. ಅದನ್ನೂ ಶೂಟ್ ಮಾಡಿ ಡಿವಿಡಿಯ ಕೊನೆಗೆ ಸೇರಿಸಿಕೊಡುವುದು ಸ್ಟುಡಿಯೋದವರ ರೂಢಿ. ಗುಂಡ್ಲುಪೇಟೆಯಲ್ಲಿ ವರ್ಷಾನುಗಟ್ಟಲೆ ಮದುವೆ ವೀಡಿಯೊ ತೆಗೆದ ನಮ್ಮ ಸೋದರಮಾವನ ಹತ್ತಿರ ಹೀಗಾಗಿ ತೇರಿನ ರಾಶಿಯೇ ಇದೆ. 2017ರಲ್ಲಿ ಆ ಹಳೇ ತೇರಿಗೆ ಬೆಂಕಿ ಬಿದ್ದು, ಆಮೇಲೆ ವರ್ಷಗಟ್ಟಲೆ ರಥೋತ್ಸವವೇ ನಡೆಯಲಿಲ್ಲ. 2022ರಲ್ಲಿ ಎಳೆದದ್ದು ಹೊಸ ತೇರು. ಅಂದರೆ ಹಳೇ ತೇರು ಓಡಾಡೋದನ್ನು ಇನ್ನು ನೋಡಬೇಕಾದರೆ ಇಂಥ ಹಾರ್ಡ್ ಡಿಸ್ಕ್‌ಗಳಲ್ಲೇ ನೋಡಬೇಕು.

ಈಗ ಡಿಸ್ಕ್‌ಗಳು ನಾಲ್ಕಾಗಿವೆ, ನಾಲ್ಕೂ ತುಂಬಿವೆ. ಒಂದೇ ವೀಡಿಯೊ ಒಂದರಲ್ಲಿ ಡಿವಿಡಿ ಫೋಲ್ಡರ್ ಆಗಿ, ಇನ್ನೊಂದರಲ್ಲಿ `FINAL_new2.mp4` ಆಗಿ, ಮತ್ತೊಂದರಲ್ಲಿ `theru.avi` ಆಗಿ, ಫೋನ್ ಬ್ಯಾಕಪ್ಪಿನಲ್ಲಿ `VID-20170220-WA0007.mp4` ಆಗಿ ಕೂತಿದೆ. "ಒಂದೊಂದೇ ಇಟ್ಕೊಂಡು ಮಿಕ್ಕಿದ್ದು ಅಳಿಸ್ಬುಡು ಮಗ, ಜಾಗ ಬೇಕು" ಅಂದರು ಮಾವ. ಸರಿ, ಆದರೆ ಯಾವುದು ಯಾವುದರ ನಕಲು?

ಡೂಪ್ಲಿಕೇಟ್ ಹುಡುಕುವ ಸಾಮಾನ್ಯ ಆ್ಯಪ್‌ಗಳು ಫೈಲಿನ ಒಂದೊಂದು ಬೈಟನ್ನೂ ಲೆಕ್ಕಹಾಕಿ ಒಂದು ಹ್ಯಾಷ್ ತೆಗೆಯುತ್ತವೆ. ಹ್ಯಾಷ್ ಒಂದೇ ಆದರೆ ಫೈಲ್ ಒಂದೇ. ಹೆಸರು ಬದಲಾಗಿದ್ದರೂ ಇದು ಹಿಡಿಯುತ್ತದೆ, ಹಾಗಾಗಿ ಮೊದಲು ಇದನ್ನೇ ಓಡಿಸಿ, ಸುಲಭದ ಗಂಟು ಬಿಚ್ಚಿಕೊಳ್ಳುತ್ತದೆ. ಆದರೆ ವೀಡಿಯೊವನ್ನು ಒಮ್ಮೆ ಕನ್ವರ್ಟ್ ಮಾಡಿದರೂ ಸಾಕು, ವಾಟ್ಸಾಪಿನಲ್ಲಿ ಒಮ್ಮೆ ಕಳಿಸಿದರೂ ಸಾಕು, ಒಳಗಿನ ಬೈಟ್‌ಗಳೆಲ್ಲ ಬದಲಾಗುತ್ತವೆ. ಕಣ್ಣಿಗೆ ಅದೇ ತೇರು, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಫೈಲು. ಇಲ್ಲಿ ಬೇಕಾಗುವುದು ಫೈಲಿನ ಗುರುತಲ್ಲ, ಚಿತ್ರದ ಗುರುತು.

ಅದರ ಉಪಾಯ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಒಂದು ಫ್ರೇಮನ್ನು ತೆಗೆದು ಕಪ್ಪು-ಬಿಳುಪು ಮಾಡಿ, 9 ಕಾಲಂ 8 ಸಾಲಿನಷ್ಟು ಪುಟ್ಟ ಚಿತ್ರಕ್ಕೆ ಕುಗ್ಗಿಸಿ. ಒಟ್ಟು 72 ಚುಕ್ಕಿ. ಈಗ ಪ್ರತಿ ಸಾಲಿನಲ್ಲೂ ಪಕ್ಕದ ಚುಕ್ಕಿ ಇದಕ್ಕಿಂತ ಬೆಳಕಾಗಿದೆಯಾ ಅಂತ ಕೇಳುತ್ತಾ ಹೋಗಿ. ಹೌದಾದರೆ 1, ಇಲ್ಲದಿದ್ದರೆ 0. ಡಿವಿಡಿಯ ಒಂದು ಸಾಲು 65 68 96 122 121 82 80 79 48 ಅಂತಿದೆ ಅಂದುಕೊಳ್ಳಿ. ಉತ್ತರ 11100000. ಅದೇ ಫ್ರೇಮ್ ಕನ್ವರ್ಟ್ ಆದ ಮೇಲೆ 69 71 98 123 123 85 81 80 51 ಆಗಿರಬಹುದು. ಒಂದು ಅಂಕಿಯೂ ಹೊಂದಲಿಲ್ಲ, ಉತ್ತರ ಮಾತ್ರ ಮತ್ತೆ 11100000. ಕಂಪ್ರೆಸ್ ಮಾಡಿದಾಗ ಬೆಳಕಿನ ಪ್ರಮಾಣ ಅಲ್ಪಸ್ವಲ್ಪ ಅಲ್ಲಾಡುತ್ತದೆ, ಆದರೆ ಎಡಕ್ಕಿಂತ ಬಲ ಬೆಳಕು ಅನ್ನೋ ಸಂಬಂಧ ಅಷ್ಟು ಸುಲಭಕ್ಕೆ ಬದಲಾಗಲ್ಲ. 8 ಸಾಲಿಗೆ 64 ಬಿಟ್. ಎರಡು ಫ್ರೇಮ್‌ಗಳ ನಡುವೆ ಎಷ್ಟು ಬಿಟ್ ಬೇರೆ ಅಂತ ಎಣಿಸಿದರೆ ಮುಗಿಯಿತು. ಸಂಬಂಧವಿಲ್ಲದ ಚಿತ್ರಗಳಾದರೆ ಹೆಚ್ಚುಕಮ್ಮಿ ಅರ್ಧ, ಅಂದರೆ 32ರ ಆಸುಪಾಸು ಬೇರೆ ಇರುತ್ತವೆ. ನಕಲಾದರೆ ಬೆರಳೆಣಿಕೆಯಷ್ಟು.

ಚುಕ್ಕಿಗಳನ್ನು ತೆಗೆಯಲು ಪುಕ್ಕಟೆ ಸಿಗುವ `ffmpeg` ಸಾಕು:

```
ffmpeg -v error -i A.mpg -vf fps=1,scale=9:8,format=gray -f rawvideo A.raw
```

ಇದು ಸೆಕೆಂಡಿಗೆ ಒಂದು ಫ್ರೇಮ್ ಲೆಕ್ಕದಲ್ಲಿ ಇಡೀ ವೀಡಿಯೊವನ್ನು ಹಿಂಡಿ ಕೊಡುತ್ತದೆ. ಫಲಿತಾಂಶದಲ್ಲಿ ಪ್ರತಿ 72 ಬೈಟ್ ಒಂದು ಸೆಕೆಂಡ್. ಒಂದೂವರೆ ಗಂಟೆಯ ಮದುವೆ 5400 ಸೆಕೆಂಡ್, ಅಂದರೆ 4 ಲಕ್ಷ ಬೈಟೂ ಆಗಲ್ಲ, ಒಂದು ಫೋಟೊಗಿಂತ ಚಿಕ್ಕದು. ಹೋಲಿಸೋಕೆ ನಾಲ್ಕು ಸಾಲು ಪೈಥಾನ್:

```
def bits(f):
    return [f[r*9+c] < f[r*9+c+1] for r in range(8) for c in range(8)]
def diff(a, b):
    return sum(x != y for x, y in zip(bits(a), bits(b)))
```

ಡಿಸ್ಕ್‌ಗಳು ಹಲವು ಇದ್ದಾಗ ಈ ಪುಟ್ಟ `.raw` ಫೈಲ್‌ಗಳ ಬೆಲೆ ಗೊತ್ತಾಗುತ್ತದೆ. Czkawka, Video Duplicate Finder ಅಂತ ರೆಡಿ ಸಾಫ್ಟ್‌ವೇರ್‌ಗಳೂ ಪುಕ್ಕಟೆ ಇವೆ, ಒಂದೇ ಕಡೆ ಎಲ್ಲ ಫೈಲ್ ಇದ್ದರೆ ಅವೇ ಸಾಕು. ನಮ್ಮಲ್ಲಿ ಎರಡು ಡಿಸ್ಕ್ ಗುಂಡ್ಲುಪೇಟೆಯಲ್ಲಿ, ಎರಡು ಚಾಮರಾಜನಗರದ ಚಿಕ್ಕಮ್ಮನ ಮನೆಯಲ್ಲಿ. ಒಂದೊಂದನ್ನೂ ಒಮ್ಮೆ ಸಿಕ್ಕಿಸಿ ಚುಕ್ಕಿ ತೆಗೆದುಕೊಂಡರೆ ಮುಂದಿನ ಹೋಲಿಕೆಯೆಲ್ಲ ಲ್ಯಾಪ್‌ಟಾಪಿನಲ್ಲೇ, ಡಿಸ್ಕ್ ಬೇಕಾಗಿಲ್ಲ. ಡಿಸ್ಕಿನ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದು ಅದನ್ನೇ ಫೈಲ್ ಹೆಸರಿನಲ್ಲಿ ಸೇರಿಸಿ. ವಿಂಡೋಸ್ ಇವತ್ತು `E:` ಅಂದದ್ದನ್ನು ನಾಳೆ `F:` ಅನ್ನುತ್ತದೆ.

ಇನ್ನು ಎಡವುವ ಜಾಗಗಳಿಗೆ ಬರೋಣ. ಮೊದಲನೆಯದು ಡಿವಿಡಿ ಫೋಲ್ಡರ್. ಡಿವಿಡಿ ಒಂದು ಸಿನಿಮಾವನ್ನು ಒಂದೊಂದು ಜಿಬಿಯ `.VOB` ತುಂಡುಗಳಾಗಿ ಕತ್ತರಿಸಿಡುತ್ತದೆ. ಇತ್ತ ಎಂಪಿ4 ಒಂದೂವರೆ ಗಂಟೆ, ಅತ್ತ ಇಪ್ಪತ್ತು ಚಿಲ್ಲರೆ ನಿಮಿಷದ ನಾಲ್ಕು ತುಂಡು. ಅವಧಿ ನೋಡಿ ಜೋಡಿ ಹುಡುಕುವ ಯಾವ ಸಾಫ್ಟ್‌ವೇರಿಗೂ ಇವು ಒಂದೇ ಅಂತ ತೋಚುವುದಿಲ್ಲ. ಮೊದಲು ಸೇರಿಸಿಕೊಳ್ಳಿ. `VTS_01_0.VOB` ಮೆನು, ಅದು ಬೇಡ:

```
cat VTS_01_[1-9].VOB > A.mpg
```

ಎರಡನೆಯದು ನಮ್ಮ ಸ್ಟುಡಿಯೋಗಳ ಟೈಟಲ್ಲು. ಗಣಪತಿ, ತಿರುಗುವ ಹೂವು, ಸ್ಟುಡಿಯೋ ಹೆಸರು, ಆಮೇಲೆ ಹಾರುವ ಹೃದಯಗಳು. ಊರಿನ ಎಲ್ಲರ ಮದುವೆಗೂ ಅದೇ. ಮೊದಲ ಅರ್ಧ ನಿಮಿಷ ಮಾತ್ರ ನೋಡಿ ಹೋಲಿಸಿದರೆ ಗುಂಡ್ಲುಪೇಟೆಯ ಎಲ್ಲ ಮದುವೆಯೂ ಒಂದೇ ಮದುವೆ! ಹಾಗಾಗಿ ಶುರುವಿನ ಐದು ನಿಮಿಷ ಬಿಟ್ಟು ಮಧ್ಯದಿಂದ ಹತ್ತು-ಹದಿನೈದು ಕಡೆ ಫ್ರೇಮ್ ಆರಿಸಿ, ಬಹುಪಾಲು ಹೊಂದಿದರಷ್ಟೇ ಒಪ್ಪಿಕೊಳ್ಳಿ. ಕಪ್ಪು ಫ್ರೇಮ್, ಖಾಲಿ ಆಕಾಶ ಬಂದರೆ ಆರಿಸಬೇಡಿ. ಎಲ್ಲ ಚುಕ್ಕಿಯೂ ಒಂದೇ ಬೆಳಕಾದಾಗ 0, 1 ಅನ್ನೋದು ಲಾಟರಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಕೊಂಡ ನಕಲಾದರೆ ಪಟ್ಟಿ ಕತ್ತರಿಸಿ ಆಮೇಲೆ ಕುಗ್ಗಿಸಬೇಕು, ಇಲ್ಲದಿದ್ದರೆ ಸಾಲುಗಳು ಜರುಗಿ ಏನೂ ಹೊಂದಲ್ಲ.

ಮೂರನೆಯದೇ ನಿಜವಾದ ಅಪಾಯ. ಮಾವ ತೇರನ್ನು ಪ್ರತಿ ವರ್ಷ ಒಂದೇ ಮನೆಯ ಮಹಡಿ ಮೇಲೆ ಟ್ರೈಪಾಡ್ ಇಟ್ಟು ತೆಗೆದಿದ್ದಾರೆ. ಅದೇ ಬೀದಿ, ಅದೇ ಜನಸಾಗರ, ನಡುವೆ ಅದೇ ತೇರು. 72 ಚುಕ್ಕಿಗೆ ಕುಗ್ಗಿಸಿದಾಗ 2009ಕ್ಕೂ 2014ಕ್ಕೂ ಕೆಲವು ಫ್ರೇಮ್‌ಗಳಲ್ಲಿ 8-10 ಬಿಟ್ ಮಾತ್ರ ವ್ಯತ್ಯಾಸ. ಕಣ್ಣುಮುಚ್ಚಿ ಅಳಿಸಿದ್ದರೆ ಒಂದು ವರ್ಷದ ತೇರೇ ಹೋಗುತ್ತಿತ್ತು. ಬೇರ್ಪಡಿಸುವುದು ಹೇಗೆ? ಕಾಲಕ್ರಮ ನೋಡಿ. ನಿಜವಾದ ನಕಲಿನಲ್ಲಿ ಇಲ್ಲಿಯ 100ನೇ ಸೆಕೆಂಡ್ ಅಲ್ಲಿಯ 100ಕ್ಕೆ, 101ನೆಯದು 101ಕ್ಕೆ, ಹೀಗೆ ಸಾಲಾಗಿ ಹೊಂದುತ್ತಾ ಹೋಗುತ್ತದೆ. ಒಂದೇ ಜಾಗದ ಬೇರೆ ವರ್ಷವಾದರೆ ಹತ್ತು ಸೆಕೆಂಡ್ ಹೊಂದಿ, ತೇರು ಮುಂದಕ್ಕೆ ಜರುಗಿದ ತಕ್ಷಣ ಕೈತಪ್ಪುತ್ತದೆ. ಆಮೇಲೂ ಅನುಮಾನವಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ನಾದಸ್ವರ ಎರಡು ವರ್ಷ ಒಂದೇ ಥರ ಕೇಳಲ್ಲ. ಸ್ಟುಡಿಯೋದವರು ಮೇಲೆ ಸಿನಿಮಾ ಹಾಡು ಹಾಕಿದ್ದರೆ ಮಾತ್ರ ಈ ಪರೀಕ್ಷೆ ನಡೆಯಲ್ಲ.

ವಾಟ್ಸಾಪ್ ತುಂಡಿನ ಕಥೆಯೇ ಬೇರೆ. ಹೆಸರಿನಲ್ಲಿರುವ 20170220 ಶೂಟ್ ಮಾಡಿದ ದಿನವಲ್ಲ, ಫೋನಿಗೆ ಬಂದ ದಿನ. ತೇರು ಸುಟ್ಟ ಸುದ್ದಿ ಹಬ್ಬಿದಾಗ ಯಾರೋ ಹಳೇ ವೀಡಿಯೊ ಹಂಚಿದ್ದು. ಅವಧಿ 2 ನಿಮಿಷ 50 ಸೆಕೆಂಡ್. ಇಂಥ ತುಂಡನ್ನು ದೊಡ್ಡ ವೀಡಿಯೊದ ಮೇಲೆ ಒಂದೊಂದೇ ಸೆಕೆಂಡ್ ಜರುಗಿಸುತ್ತಾ ಎಲ್ಲಿ ವ್ಯತ್ಯಾಸ ಕುಸಿಯುತ್ತದೆ ಅಂತ ನೋಡಬೇಕು. ತುಂಡಿನಿಂದ ಮಾತ್ರ `fps=4` ಇಟ್ಟು ಚುಕ್ಕಿ ತೆಗೆದರೆ ಒಳ್ಳೆಯದು, ಯಾಕೆಂದರೆ ಎರಡರ ಸೆಕೆಂಡ್‌ಗಳು ಒಂದೇ ಕ್ಷಣಕ್ಕೆ ಶುರುವಾಗಿರಲ್ಲ. ನಮ್ಮದು ಡಿವಿಡಿಯ 1 ಗಂಟೆ 12 ನಿಮಿಷದ ಹತ್ತಿರ ಕಚ್ಚಿಕೊಂಡಿತು, 2009ರ ತೇರು. ಸರಾಸರಿ 4 ಬಿಟ್ ವ್ಯತ್ಯಾಸ. ನಕಲೇ ಅಂತ ಬರೆದುಕೊಳ್ಳಬಹುದಿತ್ತು. ಆದರೆ ಸರಾಸರಿ ಬಿಟ್ಟು ಸೆಕೆಂಡ್ ಸೆಕೆಂಡಿನ ಪಟ್ಟಿ ನೋಡಿದರೆ ಮೊದಲ 150 ಸೆಕೆಂಡ್ ಸೊನ್ನೆ, ಒಂದು, ಎರಡು. ಕೊನೆಯ 20 ಸೆಕೆಂಡ್ ಮೂವತ್ತರ ಮೇಲೆ. ಡಿವಿಡಿಯಲ್ಲಿ ಅಲ್ಲಿ ಕಟ್ ಆಗಿ ಜೋಡಿಯ ಮುಖ ಬರುತ್ತದೆ. ತುಂಡಿನಲ್ಲಿ ತೇರು ಹಾಗೇ ತಿರುವಿನಲ್ಲಿ ವಾಲಿ, ಜನ ಹಗ್ಗ ಎಳೆದು ಅದನ್ನು ತಿರುಗಿಸುತ್ತಾರೆ. ಇದು ಎಡಿಟ್ ಆಗುವ ಮೊದಲಿನ ಟೇಪಿನಿಂದ ಬಂದದ್ದು. "ಆ ಟೇಪ್ ಮೇಲೇ ಇನ್ನೊಂದು ಮದುವೆ ತೆಗೆದ್ಬುಟ್ಟೆ ಕನಪ್ಪ" ಅಂದರು ಮಾವ. ಅಂದರೆ ನಾಲ್ಕು ಡಿಸ್ಕಿನಲ್ಲೂ ಆ 20 ಸೆಕೆಂಡ್ ಇರುವುದು ಮಬ್ಬುಮಬ್ಬಾದ ಈ ವಾಟ್ಸಾಪ್ ಫೈಲಿನಲ್ಲಿ ಮಾತ್ರ. ಉಳಿಸಿದೆವು.

ಯಾವುದನ್ನು ಇಟ್ಟುಕೊಳ್ಳುವುದು ಅನ್ನೋದರಲ್ಲೂ ರೆಸಲ್ಯೂಷನ್ ನಂಬಬೇಡಿ. `FINAL_new2.mp4` ಫುಲ್ ಎಚ್‌ಡಿ, ಅಂದರೆ 1920×1080. ಡಿವಿಡಿ ಬರೀ 720×576. ಆದರೆ ಎಚ್‌ಡಿ ಅನ್ನೋದು ಡಿವಿಡಿಯನ್ನೇ ಹಿಗ್ಗಿಸಿದ್ದು, ಹೊಸ ವಿವರ ಒಂದೂ ಇಲ್ಲ. ಅಲ್ಲದೆ ಡಿವಿಡಿ ಚಿತ್ರ ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಅರ್ಧ ಚಿತ್ರ. ಫೋನಿನಲ್ಲಿ ನೋಡಿದರೆ ಚಲಿಸುವ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಥರ ಗೆರೆ ಕಾಣುತ್ತದೆ, ಅದಕ್ಕೇ ಜನ ಇದು ಕೆಟ್ಟಿದೆ ಅಂತ ಎಸೆಯುವುದು. 25 ಫ್ರೇಮಿನ ಎಂಪಿ4ಗೆ ಇಳಿಸಿದಾಗ ಗೆರೆಯ ಜೊತೆ ಅರ್ಧ ಚಲನೆಯೂ ಹೋಗಿರುತ್ತದೆ. `theru.avi` ಕೂಡ ಅದೇ ಡಿವಿಡಿಯಿಂದ ಇಳಿಸಿದ್ದೇ. ನಾವು ಇಟ್ಟುಕೊಂಡದ್ದು ಡಿವಿಡಿ ಫೋಲ್ಡರ್.

ಅಳಿಸುವ ಮುಂಚೆ ಉಳಿಸುವ ಫೈಲ್ ಕೊನೆವರೆಗೂ ಓದಿಸಿಕೊಳ್ಳುತ್ತಾ ಅಂತ ನೋಡಿ, ಹಳೇ ಡಿಸ್ಕ್‌ಗಳಲ್ಲಿ ನಡುವೆ ಹಾಳಾಗಿರುವುದುಂಟು:

```
ffmpeg -v error -i A.mpg -f null -
```

ಒಂದೆರಡು ಸಾಲು ತಕರಾರು ಬಂದರೆ ಗಾಬರಿ ಬೇಡ, ತುಂಡು ಸೇರಿಸಿದ ಜಾಗದಲ್ಲಿ ಅದು ಸಹಜ. ಪುಟಗಟ್ಟಲೆ ಬಂದರೆ `FINAL_new2.mp4` ಅನ್ನು ಇನ್ನೂ ಅಳಿಸಬೇಡಿ. ನಮ್ಮಲ್ಲಿ ಎರಡು ಡಿವಿಡಿಗೆ ಹಾಗೆ ಬಂತು. ಆ ಎರಡಕ್ಕೆ ನಕಲುಗಳೂ ಉಳಿದಿವೆ. ಮಿಕ್ಕ ನಕಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಮಾವ ಒಂದೊಂದಾಗಿ ನೋಡಿ ಹೂಂ ಅಂದ ಮೇಲಷ್ಟೇ ಅಳಿಸುತ್ತಿದ್ದೇವೆ. ಸದ್ಯಕ್ಕೆ ಅವರು 2011ರ ಮದುವೆಗಳಲ್ಲಿದ್ದಾರೆ.