ತಪ್ಪು ನೋಂದಣಿ ಸಂಖ್ಯೆಯ ಬಿಲ್ಲು: ತಿದ್ದುವ ಹೊಣೆ ಮಾರಾಟಗಾರನದೇ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವರ್ತಕರಲ್ಲಿ ಒಂದೇ ದೇವರ ಹೆಸರಿನ ಅಂಗಡಿಗಳು ಹಲವು. ಗಣಕಯಂತ್ರದ ಗ್ರಾಹಕರ ಪಟ್ಟಿಯಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಆರಿಸಿಬಿಡುವುದು ಸುಲಭ. ಜಿಎಸ್‌ಟಿ ನೋಂದಣಿ ಸಂಖ್ಯೆಯ ಹದಿನೈದನೆಯ ಅಕ್ಷರ ತಪಾಸಣೆಗೆಂದೇ ಇರುವುದರಿಂದ, ಕೈತಪ್ಪಿ ಒಂದು ಅಂಕಿ ಬದಲಾದರೆ ಪೋರ್ಟಲ್ ಸಾಮಾನ್ಯವಾಗಿ ಅದನ್ನು ಸ್ವೀಕರಿಸುವುದಿಲ್ಲ. ಆದರೆ ಬೇರೊಬ್ಬ ವರ್ತಕನ ಸರಿಯಾದ ಸಂಖ್ಯೆಯೇ ನಮೂದಾದಾಗ ತಪ್ಪು ಸದ್ದಿಲ್ಲದೆ ಒಳಹೋಗುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಹಾಸನದ ಮಾರಾಟಗಾರನೊಬ್ಬ ಮೇ ತಿಂಗಳಿನಲ್ಲಿ ಚನ್ನರಾಯಪಟ್ಟಣದ ತೆಂಗಿನ ನಾರಿನ ಘಟಕಕ್ಕೆ 2 ಲಕ್ಷ ರೂಪಾಯಿಯ ವಿದ್ಯುತ್ ಮೋಟಾರುಗಳನ್ನು ಮಾರಿದನೆನ್ನೋಣ. ಶೇ. 18ರಂತೆ ತೆರಿಗೆ 36,000 ರೂಪಾಯಿ. ಬಿಲ್ಲಿನಲ್ಲಿಯೂ ಜಿಎಸ್‌ಟಿಆರ್-1ರಲ್ಲಿಯೂ ಅರಕಲಗೂಡಿನ ಗ್ರಾಹಕನ ಸಂಖ್ಯೆ ಬಿದ್ದಿದೆ. ಮಾರಾಟಗಾರ ತೆರಿಗೆಯನ್ನು ಪೂರ್ಣ ಕಟ್ಟಿದ್ದಾನೆ, ಸರ್ಕಾರಕ್ಕೆ ನಷ್ಟವಿಲ್ಲ. ಆದರೆ ಜೂನ್ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ಲು ಚನ್ನರಾಯಪಟ್ಟಣದ ಘಟಕಕ್ಕೆ ಕಾಣಿಸದೆ ಅರಕಲಗೂಡಿನವನಿಗೆ ಕಾಣಿಸುತ್ತದೆ. ಕಾಯಿದೆಯ 16(2)(ಎಎ) ಕಲಮು 2022ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಮಾರಾಟಗಾರ ವಿವರ ಸಲ್ಲಿಸಿ ಅದು ಖರೀದಿದಾರನಿಗೆ ತಲುಪದ ಹೊರತು ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ಕೈಸೇರಿ ಹಣ ಪಾವತಿಯಾಗಿದ್ದರೂ ಘಟಕ 36,000 ರೂಪಾಯಿ ಕಳೆದುಕೊಳ್ಳುತ್ತದೆ.

ಇಂತಹ ಸಂದರ್ಭದಲ್ಲಿ ಅನೇಕರು ಅರಕಲಗೂಡಿನವನ ಹೆಸರಿಗೆ ಕ್ರೆಡಿಟ್ ನೋಟ್ ಕೊಟ್ಟು ಚನ್ನರಾಯಪಟ್ಟಣಕ್ಕೆ ಹೊಸ ಬಿಲ್ಲು ಮಾಡುತ್ತಾರೆ. ಇದು ಸರಿಯಾದ ಮಾರ್ಗವಲ್ಲ. 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ಇರುವುದು ಬೆಲೆ ಅಥವಾ ತೆರಿಗೆ ಹೆಚ್ಚಾದಾಗ, ಸರಕು ಹಿಂದಿರುಗಿದಾಗ ಅಥವಾ ಸರಬರಾಜಿನಲ್ಲಿ ಕೊರತೆ ಕಂಡುಬಂದಾಗ. ಅಲ್ಲದೆ ಹೊಸ ಬಿಲ್ಲಿನ ದಿನಾಂಕ ಸರಕು ಸಾಗಿದ ಇ-ವೇ ಬಿಲ್ಲಿಗೆ ಹೊಂದುವುದಿಲ್ಲ. ಅರಕಲಗೂಡಿನವನು ಕ್ರೆಡಿಟ್ ನೋಟನ್ನು ಪೋರ್ಟಲಿನಲ್ಲಿ ತಿರಸ್ಕರಿಸಿದರೆ ಆ ತೆರಿಗೆ ಮತ್ತೆ ಮಾರಾಟಗಾರನ ತಲೆಗೇ ಬರುತ್ತದೆ.

ಸರಿಯಾದ ಮಾರ್ಗವೆಂದರೆ ಮೂಲ ಬಿಲ್ಲಿನ ವಿವರವನ್ನೇ ಮುಂದಿನ ಜಿಎಸ್‌ಟಿಆರ್-1ರ 9ಎ ಕೋಷ್ಟಕದಲ್ಲಿ ತಿದ್ದುವುದು. ಅದೇ ತಿಂಗಳ ತಿದ್ದುಪಡಿಗೆಂದು 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ಇಲ್ಲಿ ಉಪಯೋಗಕ್ಕೆ ಬಾರದು. ಅದರಲ್ಲಿ ಖರೀದಿದಾರನ ಸಂಖ್ಯೆಯನ್ನು ಬದಲಿಸಲು ಅವಕಾಶವಿಲ್ಲ. ಹಾಸನದ ಮಾರಾಟಗಾರ ಜುಲೈ 11ರೊಳಗೆ ಸಲ್ಲಿಸುವ ಜೂನ್ ತಿಂಗಳ ವಿವರದಲ್ಲಿ ಹಳೆಯ ಬಿಲ್ಲಿನ ಸಂಖ್ಯೆಯನ್ನು ಹುಡುಕಿ, ಚನ್ನರಾಯಪಟ್ಟಣದ ನೋಂದಣಿ ಸಂಖ್ಯೆಯನ್ನು ನಮೂದಿಸಿದರೆ ಸಾಕು. ತೆರಿಗೆಯ ಹೊಣೆ ಹೆಚ್ಚುವುದಿಲ್ಲ. ಜುಲೈ 14ರ 2ಬಿ ಪಟ್ಟಿಯಲ್ಲಿ ಬಿಲ್ಲು ಕಾಣಿಸಿಕೊಂಡು, ಜುಲೈ 20ರೊಳಗಿನ ಜಿಎಸ್‌ಟಿಆರ್-3ಬಿಯಲ್ಲಿ ಘಟಕ ಜಮೆ ಪಡೆಯುತ್ತದೆ. ಕಾಗದದ ಬಿಲ್ಲನ್ನೂ ಅದೇ ಸಂಖ್ಯೆ, ಅದೇ ದಿನಾಂಕದೊಡನೆ ಸರಿಪಡಿಸಿ, ಸಹಿ ಮಾಡಿದ ಪತ್ರದೊಂದಿಗೆ ಕೊಡಬೇಕು. ಅರಕಲಗೂಡಿನವನಿಗೂ ಪತ್ರ ಬರೆಯುವುದು ಅಗತ್ಯ. ಪೋರ್ಟಲಿನ ಬಿಲ್ಲು ನಿರ್ವಹಣಾ ವ್ಯವಸ್ಥೆಯಲ್ಲಿ ಆತ ಮೌನವಾಗಿದ್ದರೆ ಬಿಲ್ಲನ್ನು ಒಪ್ಪಿದಂತೆಯೇ ಆಗುತ್ತದೆ. ತನ್ನದಲ್ಲದ ಜಮೆಯನ್ನು ಬಳಸಿದರೆ ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ.

ಇದಕ್ಕೆಲ್ಲ ಗಡುವುಂಟು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬಂದದ್ದೇ ಕೊನೆ. ಆನಂತರ ಮಾರಾಟಗಾರ ತಿದ್ದಲಾರ, ಖರೀದಿದಾರ ಪಡೆಯಲಾರ.

ಹಳೆಯ ವರ್ಷಗಳಿಗೆ ಸರ್ಕಾರ ಇಷ್ಟು ಬಿಗಿಯಾಗಿರಲಿಲ್ಲ. 2022ರ ಡಿಸೆಂಬರ್ 27ರ 183ನೆಯ ಸುತ್ತೋಲೆ 2017-18 ಮತ್ತು 2018-19ರ ಇಂತಹ ತಪ್ಪುಗಳಿಗೆ ಪರಿಹಾರ ಕೊಟ್ಟಿತು. ಒಬ್ಬ ಮಾರಾಟಗಾರನ ಮಟ್ಟಿಗೆ ವರ್ಷದ ವ್ಯತ್ಯಾಸ 5 ಲಕ್ಷ ರೂಪಾಯಿ ಮೀರದಿದ್ದರೆ ಅವನ ಪ್ರಮಾಣಪತ್ರವೇ ಸಾಕು. ಮೀರಿದರೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ವಿಪ್ರೋ ಸಂಸ್ಥೆ ಗ್ರಾಹಕನ ಬದಲು ಬೇರೊಂದು ಕಂಪನಿಯ ಸಂಖ್ಯೆ ನಮೂದಿಸಿದ್ದ ಪ್ರಕರಣದಲ್ಲಿ, 2023ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಪರಿಹಾರವನ್ನು 2019-20ಕ್ಕೂ ಅನ್ವಯಿಸಿತು. ಬಳಿಕ 193ನೆಯ ಸುತ್ತೋಲೆ ಅದನ್ನು 2021ರ ಡಿಸೆಂಬರ್ ಅಂತ್ಯದವರೆಗೆ ವಿಸ್ತರಿಸಿತು. ಅನಂತರದ ಬಿಲ್ಲುಗಳಿಗೆ ಆ ಸೌಲಭ್ಯವಿಲ್ಲ.

ದೊಡ್ಡ ಸಂಸ್ಥೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬಲ್ಲುದು. 36,000 ರೂಪಾಯಿಗಾಗಿ ಚನ್ನರಾಯಪಟ್ಟಣದ ಘಟಕ ಬೆಂಗಳೂರಿಗೆ ಅಲೆದರೆ ವೆಚ್ಚವೇ ಹೆಚ್ಚು. ಆದ್ದರಿಂದ ಆ ಪ್ರಮಾಣಪತ್ರದ ಕ್ರಮವನ್ನು ಕಾಯಿದೆಯಲ್ಲಿಯೇ ಶಾಶ್ವತಗೊಳಿಸುವುದು ನ್ಯಾಯ. ಅಲ್ಲಿಯವರೆಗೆ ಖರೀದಿದಾರ ಪ್ರತಿ ತಿಂಗಳ 14ರ ನಂತರ 2ಬಿ ಪಟ್ಟಿಯನ್ನು ತನ್ನ ಖರೀದಿ ಪುಸ್ತಕದೊಡನೆ ತಾಳೆ ನೋಡಲಿ. ಬಿಲ್ಲು ಕಾಣದಿದ್ದರೆ ತೆರಿಗೆಯಷ್ಟು ಮೊತ್ತವನ್ನು ತಿದ್ದುಪಡಿಯವರೆಗೆ ತಡೆಹಿಡಿಯುವ ಕರಾರನ್ನು ಮೊದಲೇ ಮಾಡಿಕೊಳ್ಳಲಿ. ತಪ್ಪು ಮಾಡಿದವನೇ ಅದನ್ನು ತಿದ್ದುವ ಹೊಣೆ ಹೊರಬೇಕೆಂಬುದಕ್ಕೆ ಮಾರಾಟಗಾರರ ಆಕ್ಷೇಪಣೆ ಇರಲಾರದು.